ಅಂಗಡಿಯ ಡೊಮೇನ್ ಯಾರ ಹೆಸರಿನಲ್ಲಿದೆ?

2024ರ ಮಾರ್ಚ್‌ನಲ್ಲಿ ಗೂಗಲ್, ಸಣ್ಣ ಅಂಗಡಿಗಳಿಗೆ ತಾನು ಪುಕ್ಕಟೆಯಾಗಿ ಕೊಟ್ಟಿದ್ದ ವೆಬ್‌ಸೈಟುಗಳನ್ನು ಮುಚ್ಚಿತು. ಅದರ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿಯ ವಿವರ ತುಂಬಿದರೆ ಸಾಕು, ಒಂದು ಪುಟ ತಾನಾಗಿ ಸಿದ್ಧವಾಗುತ್ತಿತ್ತು. ಅದರ ವಿಳಾಸ business.site ಎಂದು ಮುಗಿಯುತ್ತಿತ್ತು. ಆ ವಿಳಾಸವನ್ನೇ ವಿಸಿಟಿಂಗ್ ಕಾರ್ಡಿನಲ್ಲಿ, ಕೈಚೀಲದಲ್ಲಿ, ಅಂಗಡಿಯ ಬೋರ್ಡಿನಲ್ಲಿ ಬರೆಸಿಕೊಂಡವರಿದ್ದರು. ಜೂನ್ 10ರವರೆಗೆ ಆ ವಿಳಾಸ ಒತ್ತಿದವರನ್ನು ಗೂಗಲ್ ಅಂಗಡಿಯ ಪ್ರೊಫೈಲಿಗೆ ದಾಟಿಸುತ್ತಿತ್ತು. ಆಮೇಲೆ ಅದೂ ನಿಂತಿತು. ಅಂಗಡಿಯವರು ಬಾಕಿ ಉಳಿಸಿಕೊಂಡಿರಲಿಲ್ಲ, ನಿಯಮ ಮುರಿದಿರಲಿಲ್ಲ. ಆದರೆ ವಿಳಾಸದ ಕೊನೆಯ ಭಾಗ ಅವರದಾಗಿರಲಿಲ್ಲ.

ವೆಬ್‌ಸೈಟ್ ಹೋದರೆ ಮತ್ತೆ ಕಟ್ಟಿಕೊಳ್ಳಬಹುದು. ವಿಳಾಸ ಹೋದರೆ ಅದನ್ನು ಬಲ್ಲ ಗಿರಾಕಿಗಳೆಲ್ಲರನ್ನೂ ಮತ್ತೆ ಹುಡುಕಬೇಕಾಗುತ್ತದೆ. ಆದ್ದರಿಂದ ಅಂಗಡಿಗೆ ವೆಬ್‌ಸೈಟ್ ಬೇಕೋ, ವಾಟ್ಸಾಪ್ ಕ್ಯಾಟಲಾಗ್ ಸಾಕೋ ಎಂಬ ಚರ್ಚೆಗೂ ಮೊದಲು ಸ್ವಂತ ಡೊಮೇನ್ ಹೆಸರೊಂದನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು ಎನ್ನುತ್ತೇನೆ. ಆ ಹೆಸರನ್ನು ಇವತ್ತು ವಾಟ್ಸಾಪಿಗೆ, ನಾಳೆ ಇನ್‌ಸ್ಟಾಗ್ರಾಮ್ ಪುಟಕ್ಕೆ, ಮುಂದಿನ ವರ್ಷ ನಿಮ್ಮದೇ ವೆಬ್‌ಸೈಟಿಗೆ ತಿರುಗಿಸಬಹುದು. ಬೋರ್ಡಿನ ಮೇಲೆ ಬರೆಸಿದ್ದು ಮಾತ್ರ ಬದಲಾಗುವುದಿಲ್ಲ. ಇದು ಹೇಗೆ ಸಾಧ್ಯ ಎನ್ನುವುದು ತಿಳಿಯಬೇಕಾದರೆ ಹೆಸರು ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ಒಮ್ಮೆ ನೋಡಬೇಕು.

ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುವ ಮನೆ. ಅಜ್ಜಿಯ ಹೆಸರಿನಲ್ಲಿ ಅಂಗಡಿಗೆ ‘ಭಾಗೀರಥಿ’ ಎಂದು ಹೆಸರಿಟ್ಟಿದ್ದಾರೆ. ಅವರು bhagirathisirsi.in ಎಂಬ ವಿಳಾಸ ಪಡೆದಿದ್ದಾರೆ ಎಂದುಕೊಳ್ಳಿ. ಅಂಗಡಿಯೂ ವಿಳಾಸವೂ ಉದಾಹರಣೆಗಷ್ಟೇ.

ಮುಂಬೈನಲ್ಲಿ ಯಾರೋ ಫೋನಿನಲ್ಲಿ ಈ ವಿಳಾಸ ಒತ್ತುತ್ತಾರೆ. ಇಂಟರ್ನೆಟ್ಟಿನಲ್ಲಿ ಒಂದು ಕಂಪ್ಯೂಟರನ್ನು ತಲುಪಲು ಬೇಕಾಗಿರುವುದು ಹೆಸರಲ್ಲ, 203.0.113.25ರಂಥ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಹುಡುಕುವ ಕೆಲಸ ಬಲಗಡೆಯಿಂದ ಶುರುವಾಗುತ್ತದೆ. ಫೋನಿನ ಪರವಾಗಿ ಮೊಬೈಲ್ ಕಂಪನಿಯ ಒಂದು ಸರ್ವರ್ ಮೊದಲು ‘ರೂಟ್’ ಎನ್ನುವ ಸರ್ವರುಗಳನ್ನು ಕೇಳುತ್ತದೆ: .in ಎಂದು ಮುಗಿಯುವ ಹೆಸರುಗಳ ಲೆಕ್ಕ ಯಾರ ಬಳಿ ಇದೆ? ರೂಟ್ ಸರ್ವರುಗಳಿಗೆ Aಯಿಂದ Mವರೆಗೆ 13 ಹೆಸರುಗಳಿವೆ. ಪ್ರತಿ ಹೆಸರಿನಲ್ಲಿಯೂ ಒಂದೇ ಯಂತ್ರವಿಲ್ಲ, ಜಗತ್ತಿನ ಬೇರೆಬೇರೆ ಕಡೆ ಅನೇಕ ಯಂತ್ರಗಳು ಅದೇ ಹೆಸರಿನಲ್ಲಿ ಉತ್ತರ ಕೊಡುತ್ತವೆ. ಅವು ಭಾರತದ ರಿಜಿಸ್ಟ್ರಿಯ ಸರ್ವರುಗಳನ್ನು ತೋರಿಸುತ್ತವೆ. ರಿಜಿಸ್ಟ್ರಿಯ ಸರ್ವರಿಗೂ ಆ ಸಂಖ್ಯೆ ಗೊತ್ತಿಲ್ಲ. bhagirathisirsi ಎಂಬ ಹೆಸರಿನ ವಿವರ ಇಂಥ ‘ನೇಮ್‌ಸರ್ವರ್’ ಬಳಿ ಇದೆ ಎಂದಷ್ಟೇ ಅದು ಹೇಳುತ್ತದೆ. ಕೊನೆಗೆ ಆ ನೇಮ್‌ಸರ್ವರ್ ಸಂಖ್ಯೆಯನ್ನು ಕೊಡುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಮ್ಮೆ ಸಿಕ್ಕ ಉತ್ತರವನ್ನು ದಾರಿಯ ಸರ್ವರುಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ. ಹೀಗಾಗಿ ಪ್ರತಿ ಸಲವೂ ರೂಟಿನವರೆಗೆ ಹೋಗಬೇಕಾಗುವುದಿಲ್ಲ.

ಮೊದಲು ಹೀಗಿರಲಿಲ್ಲ. ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರೂ HOSTS.TXT ಎಂಬ ಒಂದೇ ಕಡತದಲ್ಲಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದನ್ನು ತಿದ್ದಿ ಇಡುತ್ತಿದ್ದರು, ಉಳಿದವರು ಆಗಾಗ ಅದನ್ನು ಇಳಿಸಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಿದಂತೆ ಒಂದೇ ಕಚೇರಿ ಎಲ್ಲವನ್ನೂ ಬರೆದಿಡುವುದು ಆಗದ ಮಾತಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ವ್ಯವಸ್ಥೆ ಆ ಒಂದು ಪಟ್ಟಿಯನ್ನು ಒಡೆದು, ಯಾರ ಭಾಗವನ್ನು ಅವರೇ ನೋಡಿಕೊಳ್ಳುವಂತೆ ಹಂಚಿತು. ಇವತ್ತಿಗೂ ನಡೆದಿರುವುದು ಅದೇ ಏರ್ಪಾಡು. ಶಿರಸಿಯ ಅಂಗಡಿಯವರು ತಮ್ಮ ಸಾಲನ್ನು ಯಾರ ಅಪ್ಪಣೆಯೂ ಇಲ್ಲದೆ ಬದಲಿಸಬಲ್ಲರು ಎಂದರೆ ಅದಕ್ಕೆ ಈ ಹಂಚಿಕೆಯೇ ಕಾರಣ.

ಈ ವ್ಯವಸ್ಥೆಯಲ್ಲಿ ಮೂವರಿದ್ದಾರೆ. .in ಹೆಸರುಗಳ ಮೂಲ ದಾಖಲೆ ಇಟ್ಟುಕೊಂಡಿರುವುದು ರಿಜಿಸ್ಟ್ರಿ. ನಮ್ಮಲ್ಲಿ ಅದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. .comಗೆ ಅಮೆರಿಕದ ವೆರಿಸೈನ್ ಕಂಪನಿ ರಿಜಿಸ್ಟ್ರಿ. ಇವರು ಜನರಿಗೆ ನೇರವಾಗಿ ಮಾರುವುದಿಲ್ಲ. ಮಾರುವವರು ರಿಜಿಸ್ಟ್ರಾರುಗಳು ಮತ್ತು ಅವರ ಕೆಳಗಿನ ಮರುಮಾರಾಟಗಾರರು. ಮೂರನೆಯವರು ನೀವು, ಹೆಸರು ಪಡೆದವರು. ನೀವು ಹೆಸರನ್ನು ಕೊಳ್ಳುವುದಿಲ್ಲ, ಇಷ್ಟು ವರ್ಷಕ್ಕೆಂದು ಪಡೆಯುತ್ತೀರಿ. ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಆಮೇಲೆ ನವೀಕರಿಸಬೇಕು. ನವೀಕರಿಸುತ್ತಿರುವಷ್ಟು ಕಾಲ ಅದು ನಿಮ್ಮದು.

ಜಮೀನನ್ನು ಉಳುವವರು ಯಾರೇ ಇರಲಿ, ಪಹಣಿಯಲ್ಲಿ ಯಾರ ಹೆಸರಿದೆ ಎನ್ನುವುದೇ ಕೊನೆಗೆ ಲೆಕ್ಕಕ್ಕೆ ಬರುತ್ತದಲ್ಲ, ಡೊಮೇನ್ ಕೂಡ ಹಾಗೆಯೇ. ಸಣ್ಣ ಅಂಗಡಿಗಳಿಗೆ ಆಗುವ ನಷ್ಟಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಸಾಮಾನ್ಯವಾಗಿ ನಡೆಯುವುದು ಹೀಗೆ. ವೆಬ್‌ಸೈಟ್ ಮಾಡಿಕೊಡುವ ಹುಡುಗನಿಗೆ ಇಷ್ಟು ಎಂದು ದುಡ್ಡು ಕೊಟ್ಟು, ‘ಡೊಮೇನ್, ಹೋಸ್ಟಿಂಗ್ ಎಲ್ಲ ನೀನೇ ನೋಡಿಕೊ ಮಾರಾಯ’ ಎಂದು ಬಿಡುತ್ತಾರೆ. ಅವನು ತನ್ನದೇ ಖಾತೆಯಲ್ಲಿ, ತನ್ನದೇ ಇಮೇಲ್ ಕೊಟ್ಟು ಹೆಸರು ನೋಂದಾಯಿಸುತ್ತಾನೆ. ಅವನಲ್ಲಿ ಮೋಸದ ಉದ್ದೇಶ ಇರಬೇಕೆಂದಿಲ್ಲ, ಅವನಿಗೆ ಅದು ಸುಲಭ. ಮೂರು ವರ್ಷದ ಮೇಲೆ ಅವನು ಬೆಂಗಳೂರಿಗೋ ದುಬೈಗೋ ಹೋಗುತ್ತಾನೆ, ನಂಬರ್ ಬದಲಾಗುತ್ತದೆ. ನವೀಕರಣದ ಸೂಚನೆ ಅವನ ಹಳೆಯ ಇಮೇಲಿಗೆ ಬರುತ್ತದೆ. ಅಂಗಡಿಯವರು ರಿಜಿಸ್ಟ್ರಾರಿಗೆ ಫೋನ್ ಮಾಡಿ, ‘ಅಂಗಡಿ ನಮ್ಮದು, ಜಿಎಸ್‌ಟಿ ನಂಬರ್ ಇದೆ, ಬೋರ್ಡಿನ ಫೋಟೋ ಕಳಿಸುತ್ತೇವೆ’ ಎಂದರೂ ಅವರು ಕೇಳುವುದು ಒಂದೇ: ಖಾತೆಯಲ್ಲಿರುವ ಇಮೇಲಿಗೆ ಹೋದ ಒಟಿಪಿ ಎಷ್ಟು? ಈ ಕಟ್ಟುನಿಟ್ಟು ಸರಿಯಾದದ್ದೇ, ಇಲ್ಲವಾದರೆ ಯಾರು ಬೇಕಾದರೂ ಫೋನ್ ಮಾಡಿ ನಿಮ್ಮ ಹೆಸರನ್ನು ಕಿತ್ತುಕೊಳ್ಳಬಹುದಿತ್ತು. ಆದರೆ ಖಾತೆ ಬೇರೆಯವರದಾದಾಗ ಅದೇ ಕಟ್ಟುನಿಟ್ಟು ನಿಮ್ಮನ್ನು ಹೊರಗೆ ನಿಲ್ಲಿಸುತ್ತದೆ.

ಆದ್ದರಿಂದ ಕೆಲಸ ಯಾರಿಂದ ಬೇಕಾದರೂ ಮಾಡಿಸಿ, ಖಾತೆ ಮಾತ್ರ ನೀವೇ ತೆರೆಯಿರಿ. ಹದಿನೈದು ನಿಮಿಷದ ಕೆಲಸ. ಅಲ್ಲಿ ಕೊಡುವ ಇಮೇಲ್ ನೀವು ದಿನವೂ ನೋಡುವಂಥದ್ದಾಗಿರಲಿ, ಮೊಬೈಲ್ ನಂಬರ್ ನಿಮ್ಮದಾಗಿರಲಿ. ಒಂದು ಎಚ್ಚರಿಕೆ: info@bhagirathisirsi.in ಎಂಬಂಥ ಅದೇ ಡೊಮೇನಿನ ಇಮೇಲನ್ನು ಇಲ್ಲಿ ಕೊಡಬಾರದು. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಅದನ್ನು ಬಿಡಿಸಿಕೊಳ್ಳಲು ಬೇಕಾದ ಒಟಿಪಿ ಅಲ್ಲಿಗೇ ಹೋಗುತ್ತಿರುತ್ತದೆ. ಅರ್ಜಿಯಲ್ಲಿ ‘ಆರ್ಗನೈಸೇಷನ್’ ಎಂಬ ಖಾನೆಯೂ ಇರುತ್ತದೆ. ಅದನ್ನು ತುಂಬಿದರೆ ಹೆಸರಿನ ಹಕ್ಕುದಾರರು ಆ ಸಂಸ್ಥೆ ಎಂದು ಪರಿಗಣಿಸುವುದು ವಾಡಿಕೆ. ಒಬ್ಬರೇ ನಡೆಸುವ ಅಂಗಡಿಗೆ ಇದರಿಂದ ಹೆಚ್ಚಿನ ವ್ಯತ್ಯಾಸವಿಲ್ಲ. ಅಣ್ಣತಮ್ಮಂದಿರೋ ಪಾಲುದಾರರೋ ಸೇರಿ ನಡೆಸುವ ಅಂಗಡಿಯಾದರೆ ಒಬ್ಬರ ವೈಯಕ್ತಿಕ ಹೆಸರಿನ ಬದಲು ಸಂಸ್ಥೆಯ ಹೆಸರು ಬರೆಯುವುದು ಲೇಸು. ಪಾಲು ಒಡೆಯುವ ಸಂದರ್ಭ ಬಂದಾಗ ಡೊಮೇನ್ ಯಾರದು ಎಂಬ ಜಗಳ ತಪ್ಪುತ್ತದೆ.

.comನಂಥ ಹೆಸರು ಪಡೆದ ಮೇಲೆ, ನೀವು ಕೊಟ್ಟ ಇಮೇಲ್ ಸರಿಯಿದೆಯೇ ಎಂದು ನೋಡಲು ರಿಜಿಸ್ಟ್ರಾರ್ ಒಂದು ಲಿಂಕ್ ಕಳಿಸುತ್ತಾರೆ. ಅದನ್ನು 15 ದಿನದೊಳಗೆ ಒತ್ತದಿದ್ದರೆ ಹೆಸರನ್ನು ತಡೆಹಿಡಿಯುವ ನಿಯಮವಿದೆ. ದುಡ್ಡು ಕಟ್ಟಿ, ವೆಬ್‌ಸೈಟ್ ಶುರುವಾಗಿ, ಎರಡು ವಾರದಲ್ಲಿ ಇದ್ದಕ್ಕಿದ್ದಂತೆ ಕಾಣೆಯಾಯಿತು ಎಂದು ಗಾಬರಿಯಾಗುವವರು ಮೊದಲು ಸ್ಪ್ಯಾಮ್ ಫೋಲ್ಡರ್ ನೋಡಬೇಕು.

ಇನ್ನು ಹೆಸರಿನ ಆಯ್ಕೆ. ನಿಯಮ ಸರಳ: ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ನಡುವೆ ಬೇಕಾದರೆ ಅಡ್ಡಗೆರೆ, ಚುಕ್ಕೆಗಳ ನಡುವೆ ಒಂದು ತುಂಡು 63 ಅಕ್ಷರ ದಾಟಬಾರದು. ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬ ಭೇದವಿಲ್ಲ. ತೊಡಕಿರುವುದು ಬೇರೆ ಕಡೆ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಭಾಗೀರಥಿಯನ್ನೇ ತೆಗೆದುಕೊಳ್ಳಿ. ಒಬ್ಬರು bhagirathi ಎಂದು ಬರೆದರೆ ಇನ್ನೊಬ್ಬರು bhageerathi ಎನ್ನುತ್ತಾರೆ, bagirathi ಎಂದು ಒತ್ತುವವರೂ ಇದ್ದಾರೆ. ಥಕಾರದ ಒಂದು h ಬಿಟ್ಟರೂ ಗಿರಾಕಿ ಬೇರೆಲ್ಲಿಗೋ ಹೋಗುತ್ತಾರೆ. ಉಪ್ಪಿನಕಾಯಿ ಎಂಬ ಪದವನ್ನು ಸೇರಿಸಿದರಂತೂ ಕೊನೆಯಲ್ಲಿ kayi, kai, kaayi ಎಂದು ಕವಲು ಇನ್ನೂ ಹೆಚ್ಚುತ್ತದೆ.

ಇದಕ್ಕೆ ಒಂದು ಪರೀಕ್ಷೆ ಇದೆ. ಕಂಪ್ಯೂಟರ್ ಹತ್ತಿರ ಕೂಡ ಬರದ ಬಂಧುವೊಬ್ಬರಿಗೆ ಫೋನ್ ಮಾಡಿ, ‘ಅತ್ತೆ, ನಾನು ಹೇಳುವ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ವಾಟ್ಸಾಪ್ ಮಾಡಿ’ ಎನ್ನಿ. ಅಕ್ಷರ ಬಿಡಿಸಿ ಹೇಳಬೇಡಿ, ಹೆಸರನ್ನಷ್ಟೇ ಹೇಳಿ. ಐದಾರು ಜನರಿಂದ ಹೀಗೆ ಬರೆಸಿಕೊಂಡರೆ ಹೆಚ್ಚಿನವರು ಯಾವ ಕಡೆ ವಾಲುತ್ತಾರೆ ಎಂದು ಗೊತ್ತಾಗುತ್ತದೆ. ನಿಮಗೆ ಯಾವುದು ಸರಿ ಎನಿಸುತ್ತದೆ ಎನ್ನುವುದಕ್ಕಿಂತ ಅವರು ಬರೆದದ್ದೇ ಮುಖ್ಯ. ಎರಡು ರೂಪಗಳು ಸಮಸಮ ಬಂದರೆ ಎರಡನ್ನೂ ನೋಂದಾಯಿಸಿ, ಒಂದನ್ನು ಇನ್ನೊಂದಕ್ಕೆ ತಿರುಗಿಸಬಹುದು. ಮೂರನೆಯದರ ಹಿಂದೆ ಹೋಗಬೇಡಿ. ಪ್ರತಿ ಹೆಸರಿಗೂ ವರ್ಷವರ್ಷ ದುಡ್ಡು ಕಟ್ಟಬೇಕು, ಪ್ರತಿಯೊಂದರ ಗಡುವನ್ನೂ ನೆನಪಿಡಬೇಕು.

ಅಡ್ಡಗೆರೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬಾಯಲ್ಲಿ ಹೇಳುವಾಗ ಅದು ಬಿದ್ದುಹೋಗುತ್ತದೆ. ಅಂಕಿಯೂ ಹಾಗೆಯೇ, ಮೂರು ಎಂದರೆ 3 ಬರೆಯಬೇಕೋ three ಬರೆಯಬೇಕೋ ತಿಳಿಯುವುದಿಲ್ಲ. ಊರಿನ ಹೆಸರು ಸೇರಿಸುವುದು ಒಳ್ಳೆಯ ಉಪಾಯ. bhagirathi ಎಂಬುದು ಯಾರದೋ ಪಾಲಾಗಿರುವ ಸಾಧ್ಯತೆ ಹೆಚ್ಚು, sirsi ಸೇರಿದರೆ ಹೆಸರು ನಿಮ್ಮದೇ ಆಗುತ್ತದೆ, ಗಿರಾಕಿಗೂ ಗುರುತು ಹತ್ತುತ್ತದೆ. ಬರೀ ಸರಕಿನ ಹೆಸರನ್ನು ಇಟ್ಟುಕೊಂಡರೆ ಇನ್ನೊಂದು ತೊಂದರೆ. ಅಪ್ಪೆಮಿಡಿ ಎಂಬ ಪದ ಎಲ್ಲರದು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನಾಳೆ ಪಕ್ಕದ ಅಂಗಡಿಯವರು ಅದೇ ಪದಕ್ಕೆ ಇನ್ನೊಂದು ಪದ ಸೇರಿಸಿ ಹೆಸರಿಟ್ಟರೆ ನೀವು ತಕರಾರು ಮಾಡಲಾಗದು. ಅಜ್ಜಿಯ ಹೆಸರಾದರೆ ಕಾಲಕ್ರಮದಲ್ಲಿ ನಿಮ್ಮ ಗುರುತಾಗಿ ನಿಲ್ಲುತ್ತದೆ.

ಆ ಗುರುತಿಗೆ ಕಾನೂನಿನ ಬಲ ಸಿಕ್ಕಿದ್ದು ಬೆಂಗಳೂರಿನಲ್ಲಿ ಶುರುವಾದ ಮೊಕದ್ದಮೆಯೊಂದರಿಂದ. ಸತ್ಯಂ ಇನ್‌ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನು ಜೋಡಿಸಿ ‘ಸಿಫಿ’ ಎಂಬ ಪದ ಕಟ್ಟಿಕೊಂಡು, 1999ರಿಂದ sifynet.comನಂಥ ಹೆಸರುಗಳನ್ನು ಬಳಸುತ್ತಿತ್ತು. ಆಮೇಲೆ ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಇನ್ನೊಂದು ಕಂಪನಿ ಒಂದು f ಹೆಚ್ಚಿಸಿ siffynet.com, siffynet.net ಎಂದು ನೋಂದಾಯಿಸಿಕೊಂಡಿತು. ತಮ್ಮ ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರಗಳಿಂದ ಆ ಪದ ಬಂತು ಎನ್ನುವುದು ಅವರ ವಾದವಾಗಿತ್ತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆರವು ಮಾಡಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ಕೋರ್ಟಿನ ತೀರ್ಮಾನವನ್ನೇ ಎತ್ತಿಹಿಡಿಯಿತು. ಡೊಮೇನ್ ಬರೀ ವಿಳಾಸವಲ್ಲ, ವ್ಯಾಪಾರದ ಗುರುತು ಕೂಡ. ಆದ್ದರಿಂದ ಟ್ರೇಡ್‌ಮಾರ್ಕಿಗೆ ಸಿಗುವ ರಕ್ಷಣೆ ಇದಕ್ಕೂ ಸಲ್ಲುತ್ತದೆ ಎಂದಿತು. ಇದಾದ ಮೇಲೆ .in ಹೆಸರುಗಳ ವಿವಾದಕ್ಕೆ ನಿಕ್ಸಿ ಪ್ರತ್ಯೇಕ ಮಧ್ಯಸ್ಥಿಕೆಯ ಕ್ರಮವನ್ನೂ ತಂದಿತು.

ಸಣ್ಣ ಅಂಗಡಿಗೆ ಇದರಿಂದ ಎರಡು ಪಾಠ ಸಿಗುತ್ತವೆ. ಹೆಸರು ಖಾಲಿ ಇದೆ ಎಂದು ರಿಜಿಸ್ಟ್ರಾರ್ ಹೇಳಿದರೆ, ಅದೇ ಅಕ್ಷರಗಳನ್ನು ಬೇರೆ ಯಾರೂ ನೋಂದಾಯಿಸಿಲ್ಲ ಎಂದಷ್ಟೇ ಅರ್ಥ. ಅದನ್ನು ಬಳಸುವ ಹಕ್ಕು ನಿಮಗಿದೆ ಎಂದಲ್ಲ. ಹೆಸರಾಂತ ಬ್ರಾಂಡಿನ ಹೆಸರಿಗೆ ಒಂದು ಅಕ್ಷರ ಸೇರಿಸಿಯೋ ಊರಿನ ಹೆಸರು ಅಂಟಿಸಿಯೋ ಪಡೆದರೆ ಮುಂದೊಂದು ದಿನ ವಕೀಲರ ನೋಟಿಸ್ ಬರುತ್ತದೆ. ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರನ್ನು ಹುಡುಕುವುದಕ್ಕೆ ದುಡ್ಡಿಲ್ಲ. ಉಪ್ಪಿನಕಾಯಿಯಾದರೆ ಆಹಾರ ಪದಾರ್ಥಗಳ ವರ್ಗದಲ್ಲಿ ನೋಡಿ. ಎರಡನೆಯದು, ನಿಮ್ಮ ಹೆಸರನ್ನೇ ಯಾರಾದರೂ ಕದ್ದರೆ ನೀವು ಮೊದಲಿನಿಂದಲೂ ಬಳಸುತ್ತಿದ್ದಿರಿ ಎಂಬುದಕ್ಕೆ ಪುರಾವೆ ಬೇಕಾಗುತ್ತದೆ. ಹಳೆಯ ಬಿಲ್ ಪುಸ್ತಕ, ಲೇಬಲ್, ಪತ್ರಿಕೆಗೆ ಕೊಟ್ಟ ಜಾಹೀರಾತು, ಇವನ್ನು ಎಸೆಯಬೇಡಿ.

.in ತೆಗೆದುಕೊಳ್ಳಬೇಕೋ .com ಬೇಕೋ ಎಂದು ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಗಿರಾಕಿಗಳು ಭಾರತದವರೇ ಆದರೆ .in ಸಾಕು. ವಿದೇಶಕ್ಕೂ ಪಾರ್ಸೆಲ್ ಹೋಗುತ್ತದೆ, ಎರಡೂ ಖಾಲಿ ಇವೆ ಎಂದಾದರೆ ಎರಡನ್ನೂ ಪಡೆಯಬಹುದು. ಒಂದನ್ನು ಮಾತ್ರ ನೋಡಿಕೊಳ್ಳಿ: ನಿಮ್ಮ ಹೆಸರಿನ .comನಲ್ಲಿ ಅದೇ ಸರಕು ಮಾರುವ ಇನ್ನೊಂದು ಅಂಗಡಿ ಈಗಾಗಲೇ ನಡೆಯುತ್ತಿದ್ದರೆ ಆ ಹೆಸರಿನ .in ತೆಗೆದುಕೊಳ್ಳಬೇಡಿ, ನಿಮ್ಮ ಅರ್ಧ ಗಿರಾಕಿಗಳು ಅಲ್ಲಿಗೆ ಹೋಗುತ್ತಾರೆ.

.shop, .store, .online ಎಂಬ ಹೊಸ ಬಾಲಗಳ ಜಾಹೀರಾತನ್ನು ಎಚ್ಚರದಿಂದ ನೋಡಬೇಕು. ಮೊದಲ ವರ್ಷ ನೂರು ರೂಪಾಯಿಯೂ ಇರುವುದಿಲ್ಲ. ಎರಡನೆಯ ವರ್ಷದ ನವೀಕರಣಕ್ಕೆ ಸಾವಿರಗಟ್ಟಲೆ ಕೇಳುವುದು ಸಾಮಾನ್ಯ. ಅಷ್ಟರಲ್ಲಿ ನೀವು ಬೋರ್ಡು, ಲೇಬಲ್ಲು ಎಲ್ಲ ಮಾಡಿಸಿರುತ್ತೀರಿ, ಹಿಂದೆ ಸರಿಯುವುದು ಕಷ್ಟ. ಯಾವ ಬಾಲವೇ ಆಗಲಿ, ದುಡ್ಡು ಕಟ್ಟುವ ಮೊದಲು ನವೀಕರಣದ ದರ ಎಷ್ಟೆಂದು ಹುಡುಕಿ ನೋಡಿ. ಐದು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಕೂಡಿದ ಮೇಲೆ ಹೋಲಿಕೆ ಮಾಡಿ. ಅದೇ ಪುಟದಲ್ಲಿ ಸುಮ್ಮನೆ ಟಿಕ್ ಹಾಕಿಟ್ಟಿರುವ ಹೋಸ್ಟಿಂಗ್, ಎಸ್‌ಎಸ್‌ಎಲ್ ಪ್ರಮಾಣಪತ್ರ ಮುಂತಾದ ಹೆಚ್ಚುವರಿ ಸರಕನ್ನು ತೆಗೆದುಹಾಕಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ ಕೊಡುತ್ತದೆ, ಹೋಸ್ಟಿಂಗ್ ಕಂಪನಿಗಳಲ್ಲಿ ಬಹುಪಾಲು ಅದನ್ನು ತಾವೇ ಹಾಕಿಕೊಡುತ್ತವೆ.

ಕನ್ನಡ ಲಿಪಿಯಲ್ಲೇ ವಿಳಾಸ ಬೇಡವೇ ಎಂದು ಕೇಳಬಹುದು. ಇದೆ. ‘.ಭಾರತ’ ಎಂಬ ಬಾಲ ಕನ್ನಡ ಲಿಪಿಯಲ್ಲಿ ಸಿಗುತ್ತದೆ, ಅದರ ಹಿಂದೆ ನಮ್ಮ ಹೆಸರನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಆಗ ದೀರ್ಘ, ಮಹಾಪ್ರಾಣಗಳ ಗೊಂದಲವೇ ಇಲ್ಲ. ಆದರೆ ಒಳಗಿನ ವ್ಯವಸ್ಥೆ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲದ್ದರಿಂದ ಕನ್ನಡದ ಹೆಸರು ಹಿನ್ನೆಲೆಯಲ್ಲಿ xn-- ಎಂದು ಶುರುವಾಗುವ ಸಂಕೇತವಾಗಿ ಬದಲಾಗುತ್ತದೆ, ‘.ಭಾರತ’ ಎಂಬುದು xn--2scrj9c ಆಗುತ್ತದೆ. ವಿಳಾಸವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಕೆಲವೊಮ್ಮೆ ಈ ಸಂಕೇತವೇ ಎದ್ದು ಕಾಣುತ್ತದೆ, ಗಿರಾಕಿ ಅದನ್ನು ಕಂಡು ಮೋಸದ ಲಿಂಕ್ ಎಂದು ಹೆದರುತ್ತಾರೆ. ಕನ್ನಡದ ಇಮೇಲ್ ವಿಳಾಸವನ್ನು ಒಪ್ಪದ ಅರ್ಜಿಗಳು ಇನ್ನೂ ಬಹಳ ಇವೆ. ಹಾಗಾಗಿ ಇಂಗ್ಲಿಷ್ ಅಕ್ಷರದ ವಿಳಾಸವನ್ನು ಮುಖ್ಯವಾಗಿಟ್ಟು ಕನ್ನಡದ್ದನ್ನು ಜೊತೆಗೆ ಪಡೆದು, ಅದರತ್ತ ತಿರುಗಿಸುವುದು ಸದ್ಯಕ್ಕೆ ಸರಿಯಾದ ದಾರಿ. ಅಂಗಡಿಯ ಬೋರ್ಡಿನ ಮೇಲೆ ಕನ್ನಡ ವಿಳಾಸ ಕಂಡರೆ ನನಗಂತೂ ಮನಸ್ಸು ತುಂಬುತ್ತದೆ. ಅದನ್ನು ಬಳಸುವ ಅಂಗಡಿಗಳು ಹೆಚ್ಚಲಿ, ಅರ್ಜಿ ಮಾಡುವವರೂ ಆಗ ದಾರಿಗೆ ಬರುತ್ತಾರೆ.

ಹೆಸರು ಸಿಕ್ಕಿತು. ಈಗ ಅದರ ಸಾಲುಗಳನ್ನು ಒಮ್ಮೆ ಹತ್ತಿರದಿಂದ ನೋಡೋಣ. ರಿಜಿಸ್ಟ್ರಾರಿನ ಖಾತೆಗೆ ಹೋಗಿ ಡಿಎನ್‌ಎಸ್ ಎಂಬ ಕಡೆ ಒತ್ತಿದರೆ ಹೀಗೆ ಕಾಣುತ್ತದೆ:

```
bhagirathisirsi.in.      3600  IN  A      203.0.113.25
www.bhagirathisirsi.in.  3600  IN  CNAME  bhagirathisirsi.in.
bhagirathisirsi.in.      3600  IN  MX     10 mail.example.com.
```

ಮೊದಲ ಸಾಲು ವೆಬ್‌ಸೈಟ್ ಇರುವ ಕಂಪ್ಯೂಟರಿನ ಸಂಖ್ಯೆ. ಎರಡನೆಯದು, www ಸೇರಿಸಿ ಒತ್ತಿದರೂ ಅಲ್ಲಿಗೇ ಹೋಗಲಿ ಎನ್ನುತ್ತದೆ. ಮೂರನೆಯದು ಇಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುತ್ತದೆ. 3600 ಎಂದರೆ ಈ ಉತ್ತರವನ್ನು ದಾರಿಯ ಸರ್ವರುಗಳು ಎಷ್ಟು ಸೆಕೆಂಡು ನೆನಪಿಡಬಹುದು ಎಂಬ ಲೆಕ್ಕ, ಇಲ್ಲಿ ಒಂದು ಗಂಟೆ. ವೆಬ್‌ಸೈಟನ್ನು ಬೇರೆ ಕಂಪನಿಗೆ ಸಾಗಿಸುವಾಗ ಹಿಂದಿನ ದಿನವೇ ಇದನ್ನು 300ಕ್ಕೆ ಇಳಿಸಿಟ್ಟರೆ ಬದಲಾವಣೆ ಐದೇ ನಿಮಿಷದಲ್ಲಿ ಹೆಚ್ಚಿನವರಿಗೆ ಕಾಣುತ್ತದೆ.

ವೆಬ್‌ಸೈಟಿಗೂ ಇಮೇಲಿಗೂ ಬೇರೆಬೇರೆ ಸಾಲು ಇದೆ ಎಂಬುದು ನೆನಪಿರಲಿ. ಹೊಸ ವೆಬ್‌ಸೈಟ್ ಮಾಡುವವರು, ‘ನಮ್ಮ ನೇಮ್‌ಸರ್ವರ್ ಹಾಕಿಬಿಡಿ’ ಎನ್ನುತ್ತಾರೆ. ನೇಮ್‌ಸರ್ವರ್ ಬದಲಿಸಿದರೆ ಇಡೀ ಪಟ್ಟಿಯೇ ಹೊಸದಾಗುತ್ತದೆ, ಹಳೆಯ ಸಾಲುಗಳು ತಾವಾಗಿ ಬರುವುದಿಲ್ಲ. ಹೊಸ ಪಟ್ಟಿಯಲ್ಲಿ MX ಸಾಲು ಬರೆಯಲು ಮರೆತರೆ ವೆಬ್‌ಸೈಟ್ ಚೆಂದವಾಗಿ ತೆರೆದುಕೊಳ್ಳುತ್ತದೆ, ಇಮೇಲ್ ಮಾತ್ರ ಸದ್ದಿಲ್ಲದೆ ನಿಂತಿರುತ್ತದೆ. ಕಳಿಸಿದವರಿಗೆ ಅದು ವಾಪಸು ಹೋಗುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ವ್ಯಾಪಾರ ಮಂದವಾಗಿದೆ ಎಂದುಕೊಂಡು ವಾರ ಕಳೆದವರನ್ನು ಬಲ್ಲೆ. ಆದ್ದರಿಂದ ಯಾವ ಬದಲಾವಣೆಗೂ ಮೊದಲು ಹಳೆಯ ಸಾಲುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಬದಲಾದ ಮೇಲೆ ಇನ್ನೊಬ್ಬರ ಇಮೇಲಿನಿಂದ ಒಂದು ಪತ್ರ ಕಳಿಸಿ ನೋಡಿ. ಕಂಪ್ಯೂಟರಿನಲ್ಲಿ ಹೀಗೆ ಕೇಳಿಯೂ ತಿಳಿಯಬಹುದು:

```
nslookup -type=mx bhagirathisirsi.in
```

ಕೊನೆಯದಾಗಿ ಗಡುವು. ದೊಡ್ಡವರೂ ಇಲ್ಲಿ ಎಡವಿದ್ದಾರೆ. 1999ರ ಕ್ರಿಸ್‌ಮಸ್ ಹೊತ್ತಿನಲ್ಲಿ ಹಾಟ್‌ಮೇಲ್ ಬಳಕೆದಾರರು ಲಾಗಿನ್ ಆಗಲಾರದೆ ಒದ್ದಾಡಿದರು. ಅದಕ್ಕೆ ಬೇಕಾಗಿದ್ದ passport.com ಎಂಬ ಹೆಸರನ್ನು ಮೈಕ್ರೋಸಾಫ್ಟ್ ನವೀಕರಿಸಿರಲಿಲ್ಲ. ಯಾರೋ ಒಬ್ಬ ಪ್ರೋಗ್ರಾಮರ್ ತನ್ನ ಕೈಯಿಂದ 35 ಡಾಲರ್ ಕಟ್ಟಿ ಅದನ್ನು ಸರಿಮಾಡಿದರು.

.comನಂಥ ಹೆಸರು ಮುಗಿಯುವ ಮೊದಲು ಸುಮಾರು ಒಂದು ತಿಂಗಳಿಗೊಮ್ಮೆ, ಒಂದು ವಾರಕ್ಕೊಮ್ಮೆ, ಮುಗಿದ ಐದು ದಿನದೊಳಗೆ ಮತ್ತೊಮ್ಮೆ ರಿಜಿಸ್ಟ್ರಾರ್ ಸೂಚನೆ ಕಳಿಸಲೇಬೇಕು. ಮುಗಿದ ಕೂಡಲೇ ಹೆಸರು ಬೇರೆಯವರ ಪಾಲಾಗುವುದಿಲ್ಲ. ಮೊದಲು ಗರಿಷ್ಠ 45 ದಿನದ ಒಂದು ಅವಧಿ ಇರುತ್ತದೆ, ಅದನ್ನು ಎಷ್ಟು ಕೊಡಬೇಕೆಂಬುದು ರಿಜಿಸ್ಟ್ರಾರಿಗೆ ಬಿಟ್ಟದ್ದು. ಅಷ್ಟರಲ್ಲಿ ಮಾಮೂಲಿ ದರದಲ್ಲೇ ನವೀಕರಿಸಬಹುದು. ಈ ಹೊತ್ತಿಗೆ ವೆಬ್‌ಸೈಟ್ ನಿಂತುಹೋಗಿ ಜಾಹೀರಾತಿನ ಪುಟ ಕಾಣತೊಡಗಿರುತ್ತದೆ. ಆಮೇಲೆ 30 ದಿನದ ‘ರಿಡೆಂಪ್ಷನ್’ ಅವಧಿ. ಹೆಸರು ವಾಪಸು ಸಿಗುತ್ತದೆ, ಆದರೆ ಸಾವಿರಾರು ರೂಪಾಯಿ ದಂಡದ ಜೊತೆಗೆ. ಕೊನೆಗೆ 5 ದಿನ ಯಾರಿಗೂ ಸಿಗದೆ ಇದ್ದು ಹೆಸರು ಬಿಡುಗಡೆಯಾಗುತ್ತದೆ. ಬಿಡುಗಡೆಯಾಗುವ ಹೆಸರುಗಳನ್ನು ಹಿಡಿಯುವುದಕ್ಕೇ ಯಂತ್ರ ಇಟ್ಟುಕೊಂಡ ಕಂಪನಿಗಳಿವೆ, ಆ ಓಟದಲ್ಲಿ ಅಂಗಡಿಯವರು ಗೆಲ್ಲುವುದು ಕಷ್ಟ. .in ಹೆಸರಿಗೂ ಹೆಚ್ಚುಕಡಿಮೆ ಇದೇ ದಾರಿ, ದಿನಗಳ ಲೆಕ್ಕವನ್ನು ನಿಮ್ಮ ರಿಜಿಸ್ಟ್ರಾರ್ ಬಳಿ ಕೇಳಿಕೊಳ್ಳಬೇಕು.

‘ಆಟೋ ರಿನ್ಯೂವಲ್ ಹಾಕಿದ್ದೇನಲ್ಲ’ ಎಂದು ನಿಶ್ಚಿಂತರಾಗುವವರಿಗೆ ಒಂದು ಮಾತು. 2021ರ ಅಕ್ಟೋಬರ್‌ನಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲೇ ಒಪ್ಪಿಗೆ ನೋಂದಾಯಿಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ. ಎಲ್ಲ ರಿಜಿಸ್ಟ್ರಾರುಗಳಲ್ಲೂ, ವಿಶೇಷವಾಗಿ ವಿದೇಶದವರಲ್ಲಿ, ಆ ಏರ್ಪಾಡು ಇರುವುದಿಲ್ಲ. ಕಾರ್ಡಿನ ಅವಧಿ ಮುಗಿದಿರಬಹುದು, ಬ್ಯಾಂಕ್ ಹೊಸ ಕಾರ್ಡ್ ಕಳಿಸಿರಬಹುದು. ಅಂಗಡಿಗೆ ಒಂದೇ ಸಲ ಐದು ವರ್ಷಕ್ಕೆ ಕಟ್ಟಿ, ಮುಗಿಯುವ ತಿಂಗಳನ್ನು ಮನೆಯವರಿಬ್ಬರ ಫೋನಿನಲ್ಲಿ ಜ್ಞಾಪನೆಯಾಗಿ ಹಾಕುವುದು ಅದಕ್ಕಿಂತ ಭದ್ರ.

ಡೊಮೇನ್ ಪಡೆದ ಕೆಲವೇ ದಿನಗಳಲ್ಲಿ ಹೊಸ ಬಗೆಯ ಇಮೇಲುಗಳು ಬರತೊಡಗುತ್ತವೆ. ಬಿಲ್ಲಿನಂತೆ ಕಾಣುವ ಒಂದು ಪತ್ರ, ಕೂಡಲೇ ನವೀಕರಿಸದಿದ್ದರೆ ನಿಮ್ಮ ಹೆಸರು ಹೋಗುತ್ತದೆ ಎನ್ನುತ್ತದೆ. ಇನ್ನೊಂದು, ಚೀನಾದಲ್ಲಿ ಯಾರೋ ನಿಮ್ಮ ಹೆಸರನ್ನು .cn ಬಾಲದಲ್ಲಿ ನೋಂದಾಯಿಸಲು ಹೊರಟಿದ್ದಾರೆ, ತಡೆಯಬೇಕಾದರೆ ನಮ್ಮಲ್ಲಿ ಕೊಳ್ಳಿ ಎಂದು ಎಚ್ಚರಿಸುತ್ತದೆ. ಎರಡೂ ಹಣ ಕೀಳುವ ಹಳೆಯ ತಂತ್ರಗಳು. ನಿಜವೋ ಸುಳ್ಳೋ ತಿಳಿಯಲು ಪತ್ರದ ಲಿಂಕ್ ಒತ್ತಬೇಡಿ. lookup.icann.org ತೆರೆದು ನಿಮ್ಮ ಡೊಮೇನ್ ಹಾಕಿ. ಅಲ್ಲಿ ರಿಜಿಸ್ಟ್ರಾರ್ ಯಾರು, ಅವಧಿ ಯಾವಾಗ ಮುಗಿಯುತ್ತದೆ, ಸದ್ಯದ ಸ್ಥಿತಿ ಏನು ಎಂದು ಕಾಣುತ್ತದೆ. clientTransferProhibited ಎಂದಿದ್ದರೆ ಗಾಬರಿ ಬೇಡ, ಯಾರೂ ಸಾಗಿಸದಂತೆ ಬೀಗ ಹಾಕಿದೆ ಎಂದರ್ಥ. clientHold ಎಂದಿದ್ದರೆ ಹೆಸರನ್ನು ತಡೆಹಿಡಿದಿದ್ದಾರೆ, ಕೂಡಲೇ ರಿಜಿಸ್ಟ್ರಾರಿಗೆ ಫೋನ್ ಮಾಡಿ. ಪತ್ರ ಬರೆದವರ ಹೆಸರೂ ಅಲ್ಲಿ ಕಾಣುವ ರಿಜಿಸ್ಟ್ರಾರಿನ ಹೆಸರೂ ಬೇರೆಯಾಗಿದ್ದರೆ, ನೀವು ಹೆಸರು ಪಡೆದದ್ದು ಅವರ ಕೆಳಗಿನ ಮರುಮಾರಾಟಗಾರರಿಂದಲೇ ಎಂದು ಹಳೆಯ ರಸೀದಿ ನೋಡಿ ಖಾತ್ರಿಮಾಡಿಕೊಳ್ಳಿ. ರಸೀದಿಯಲ್ಲೂ ಆ ಹೆಸರಿಲ್ಲದಿದ್ದರೆ ಪತ್ರವನ್ನು ಅಳಿಸಿಹಾಕಿ.